ಎಡಗೈ ಸಹಿಗೆ ಬಿದ್ದ ಶುಲ್ಕ

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರ ಬಾಯಲ್ಲೂ ಅವಳು ಅಳತೆಯಕ್ಕ. ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ಒಳಕ್ಕೆ ತಿರುಗಿದವರಿಗೆ, ಬೆರಳು ಕಳೆದುಕೊಂಡವರಿಗೆ ಅಳತೆ ತೆಗೆದು ಬೂಟು ಹೊಲಿದುಕೊಡುವುದು ಅವಳ ಕಸುಬು. ಹಳೆಯ ಕಟ್ಟಡವೊಂದರ ಮೆಟ್ಟಿಲ ಪಕ್ಕದ ಉದ್ದನೆಯ ಕೋಣೆಯೇ ಕಾರ್ಖಾನೆ. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ, ಚರ್ಮದ ವಾಸನೆ, ಗೋಡೆಯುದ್ದಕ್ಕೂ ಪಾದದ ಆಕಾರದ ಮರದ ಅಚ್ಚುಗಳ ಸಾಲು. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಹಿಂದೆ ಮೇಸ್ತ್ರಿ. ಮೇಸ್ತ್ರಿ ಮಾತಿನಲ್ಲಿ ಜಿಪುಣ, ಹೊಲಿಗೆಯಲ್ಲಿ ಧಾರಾಳಿ. ಅಳತೆಯಕ್ಕನ ಗಂಡನ ಕಾಲದಿಂದಲೂ ಅಲ್ಲೇ ಕೂತವನು.

ಕಸುಬು ಕಲಿಸಿದ್ದು ಗಂಡ. ಅವನು ಹೋದ ಮೇಲೆ ನೆಂಟರೆಲ್ಲ ಅಂಗಡಿ ಮುಚ್ಚು ಎಂದರು. ಅವಳು ಮುಚ್ಚಲಿಲ್ಲ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು, ಅವರ ಪಾದವನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುವಾಗ ಅವಳು ಏನೂ ಕೇಳುತ್ತಿರಲಿಲ್ಲ. ಕೇಳದಿದ್ದರೂ ಜನ ತಾವಾಗಿಯೇ ಹೇಳಿಕೊಳ್ಳುತ್ತಿದ್ದರು. ಮೂರು ಅಂಗಡಿಯಲ್ಲಿ ನಕ್ಕು ಕಳಿಸಿದ ಕಥೆ, ಶಾಲೆಯಲ್ಲಿ ಓಟಕ್ಕೆ ಸೇರಿಸಿಕೊಳ್ಳದ ಕಥೆ. "ಕಾಲಿಗೆ ತಕ್ಕ ಹಾಗೆ ಬೂಟು ಇರಬೇಕು, ಬೂಟಿಗೆ ತಕ್ಕ ಹಾಗೆ ಕಾಲು ಬೆಳೆಯುತ್ತಾ?" ಎಂದು ಅವಳು ಅಂದರೆ ಅಳುಮುಖದಲ್ಲಿ ಬಂದವರೂ ನಕ್ಕುಬಿಡುತ್ತಿದ್ದರು.

ಹೀಗಿರುವಾಗ ಹಿಂದಿನ ವರ್ಷ ಒಂದು ಬೆಳಿಗ್ಗೆ, ಅಚ್ಚಿಗೆ ಚರ್ಮ ಎಳೆದು ಕೂರಿಸುತ್ತಿದ್ದವಳ ಬಲಗೈಯಿಂದ ಇಕ್ಕಳ ಜಾರಿ ಬಿತ್ತು. ಎತ್ತಿಕೊಳ್ಳಲು ಬಾಗಿದರೆ ಕೈ ಮಾತು ಕೇಳಲಿಲ್ಲ. ಆಸ್ಪತ್ರೆ ಗೋಡೆಯಾಚೆಯೇ ಇದ್ದದ್ದು ಪುಣ್ಯ. ಮೇಸ್ತ್ರಿ ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಓಡಿದ. ಲಕ್ವ ಹೊಡೆದಿದೆ ಎಂದರು ಡಾಕ್ಟರು. ಜೀವ ಉಳಿಯಿತು, ಮಾತು ಉಳಿಯಿತು, ಕಾಲೂ ನಿಧಾನಕ್ಕೆ ದಾರಿಗೆ ಬಂತು. ಬಲಗೈ ಮಾತ್ರ ಮಡಿಲಲ್ಲಿ ಮಲಗಿದ್ದು ಏಳಲಿಲ್ಲ.

ಆಗ ಬಂದವಳು ನಾದಿನಿ. ಐವತ್ತು ದಾಟಿ ತಲೆ ನರೆತರೂ ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು. ಮದುವೆಯಾಗಲಿಲ್ಲ, ಲಾರಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಳು. ಅತ್ತಿಗೆ ನಾದಿನಿಯರಿಗೆ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಪುಟ್ಟಿಯ ನಾಲಗೆ ಚೂಪು, ಅಳತೆಯಕ್ಕನ ಮೌನ ಅದಕ್ಕಿಂತ ಚೂಪು. ಗಂಡ ತೀರಿಹೋದ ಮೇಲಂತೂ ಬರುವುದು ಹೋಗುವುದು ಹೆಸರಿಗೆ ಮಾತ್ರ ಇತ್ತು. ಅಂಥ ಪುಟ್ಟಿ ಆಸ್ಪತ್ರೆಗೆ ಒಂದು ಚೀಲ ಹಿಡಿದು ಬಂದವಳು, "ನಾಲ್ಕು ದಿನ ಇದ್ದು ಹೋಗ್ತೀನಿ ಅತ್ತಿಗೆ" ಎಂದಳು. ನಾಲ್ಕು ದಿನ ಎಂದು ಮುಗಿಯಿತೋ ಇಬ್ಬರೂ ನೋಡಲಿಲ್ಲ. ಪುಟ್ಟಿ ಅತ್ತಿಗೆಯ ತಲೆ ಬಾಚಿದಳು, ರವಿಕೆಯ ಗುಂಡಿ ಹಾಕಿದಳು, ಅಂಗಡಿಯ ಲೆಕ್ಕವನ್ನೂ ಕೈಗೆ ತೆಗೆದುಕೊಂಡಳು. ಬೈಯುವುದನ್ನು ಮಾತ್ರ ಬಿಡಲಿಲ್ಲ. ಅದು ನಿಂತಿದ್ದರೆ ಅಳತೆಯಕ್ಕ ಗಾಬರಿಯಾಗುತ್ತಿದ್ದಳು.

ಎಡಗೈಯಲ್ಲಿ ಗೆರೆ ಎಳೆಯುವುದನ್ನು ಅವಳು ಮತ್ತೆ ಮೊದಲಿನಿಂದ ಕಲಿತಳು. ಮೊದಮೊದಲು ಪಾದ ಬರೆದರೆ ಬದನೆಕಾಯಿಯಾಗುತ್ತಿತ್ತು. ಮೇಸ್ತ್ರಿ ಅದನ್ನು ನೋಡಿ ಪಕ್ಕದಲ್ಲಿ ಹೊಸ ರಟ್ಟು ಇಡುತ್ತಿದ್ದ. ಗೆರೆ ಹತೋಟಿಗೆ ಬಂದ ಮೇಲೆ ಸಹಿ. ಹಳೆಯ ಸಹಿಯಲ್ಲಿ ಕೊನೆಯ ಅಕ್ಷರದಿಂದ ಒಂದು ಬಾಲ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು. ಎಡಗೈಗೆ ಬಾಲ ಬರಲಿಲ್ಲ. ಮಗು ಬರೆದ ಹಾಗೆ ಬಿಡಿ ಬಿಡಿ ಅಕ್ಷರ, ಕೊನೆಯದು ಸ್ವಲ್ಪ ಕೆಳಕ್ಕೆ ಜಾರಿದ್ದು. ಆದರೆ ಪ್ರತಿ ಸಲವೂ ಒಂದೇ ರೀತಿ ಬರುತ್ತಿತ್ತು.

"ಅಷ್ಟು ಸಾಕು ಅತ್ತಿಗೆ, ಬ್ಯಾಂಕಿನವರಿಗೆ ಚೆಂದ ಬೇಡ, ಹೊಂದಿಕೆ ಬೇಕು" ಎಂದು ಪುಟ್ಟಿ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದಳು. ಎರಡನೇ ಕೌಂಟರಿನ ಮೇಡಂ ಒಂದು ಕಾರ್ಡು ಕೊಟ್ಟರು. ಮೇಡಂ ಎದುರಿಗೇ ಅಳತೆಯಕ್ಕ ಎಡಗೈಯಿಂದ ಮೂರು ಸಲ ಸಹಿ ಮಾಡಿದಳು. ಮೇಡಂ ಅವಸರ ಮಾಡಲಿಲ್ಲ. ಕಾರ್ಡು ಸರಿಯದಂತೆ ಒಂದು ಮೂಲೆಯನ್ನು ತಮ್ಮ ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದರು. "ಹೊಸ ಸಹಿ ಕಂಪ್ಯೂಟರಿಗೆ ಏರೋಕೆ ಸ್ವಲ್ಪ ದಿನ ಬೇಕು. ಅಲ್ಲಿವರೆಗೆ ಚೆಕ್ ಬರೀಬೇಡಿ" ಎಂದರು. ಅವರು ಹೇಳಿದಂತೆ ಕಾದು, ಪುಟ್ಟಿ ಫೋನು ಮಾಡಿ ಕೇಳಿದಳು. "ಆಗಿದೆ, ಬರೀಬಹುದು" ಎಂದು ಉತ್ತರ ಬಂತು.

ಎಡಗೈಯ ಮೊದಲ ಚೆಕ್ಕು ಹೋದದ್ದು ರಬ್ಬರ್ ಮಾವನಿಗೆ. ಬೂಟಿನ ಅಟ್ಟೆಗೆ ಬೇಕಾದ ರಬ್ಬರ್ ಹಾಳೆ, ಚರ್ಮ, ಅಂಟು ಎಲ್ಲ ಕೊಡುವ ಮುದುಕ ಆತ. ಓಣಿಗೆಲ್ಲ ಮಾವ. ಫೋನಿನಲ್ಲಿ ದುಡ್ಡು ಕಳಿಸಿದರೆ ಅವನಿಗೆ ಆಗದು. "ಕೊಟ್ಟದ್ದು ಕೈಯಲ್ಲಿ ಹಿಡಿಯೋಕೆ ಸಿಗಬೇಕಮ್ಮ, ಗಾಳೀಲಿ ಬಂದದ್ದು ಗಾಳೀಲೇ ಹೋಗುತ್ತೆ" ಎನ್ನುವವನು. ಅಳತೆಯಕ್ಕ ಚೆಕ್ಕಿನ ಮೇಲೆ ಸಹಿ ಮಾಡುವುದನ್ನು ಅವನು ಕನ್ನಡಕ ಹಣೆಗೇರಿಸಿ ನೋಡಿದ. "ಪರವಾಗಿಲ್ಲ ಕಣಮ್ಮ, ನನ್ನ ಬಲಗೈಗಿಂತ ನಿನ್ನ ಎಡಗೈ ವಾಸಿ" ಎಂದು ಜೇಬಿಗೆ ಹಾಕಿಕೊಂಡು ಹೋದ. ಆ ದಿನ ಅವಳಿಗೆ ಊಟ ರುಚಿಸಿತು.

ವಾರ ಕಳೆಯುವುದರೊಳಗೆ ಮಾವ ತಾನೇ ನಡೆದು ಬಂದ. ಬಾಗಿಲಲ್ಲೇ ನಿಂತು ಛಾವಣಿ ನೋಡಿದ, ಮೇಸ್ತ್ರಿಯ ಯಂತ್ರ ನೋಡಿದ, ಬಿಸಿಲಿನ ಬಗ್ಗೆ ಒಂದು ಮಾತಾಡಿದ. ಏನೋ ಇದೆ ಎಂದು ಅವಳಿಗೆ ಅರ್ಥವಾಯಿತು.

"ಏನು ಮಾವ?"

"ಏನಿಲ್ಲಮ್ಮ. ಆ ಚೆಕ್ಕು... ವಾಪಸ್ ಬಂದಿದೆ." ಚೆಕ್ಕಿನ ಜೊತೆ ಪಿನ್ನು ಹಾಕಿದ್ದ ಸಣ್ಣ ಚೀಟಿಯನ್ನು ಅವನು ಬೆರಳಲ್ಲಿ ಮುಚ್ಚಿಕೊಂಡಿದ್ದ. ಪುಟ್ಟಿ ಕೈ ಚಾಚಿ ತೆಗೆದುಕೊಂಡು ಓದಿದಳು. ಸಹಿ ಹೊಂದುವುದಿಲ್ಲ, ಎಂದಿತ್ತು.

ಮೇಸ್ತ್ರಿಯ ಯಂತ್ರ ನಿಂತಿತು. ಅಳತೆಯಕ್ಕನ ಮುಖಕ್ಕೆ ಬಿಸಿ ಏರಿತು. ದುಡ್ಡಿಲ್ಲದೆ ಚೆಕ್ಕು ವಾಪಸಾಗಿದ್ದರೆ ಕೂಡ ಅಷ್ಟು ನಾಚಿಕೆಯಾಗುತ್ತಿತ್ತೋ ಇಲ್ಲವೋ. ಇದು ನೀನಲ್ಲ ಎಂದು ಯಾರೋ ಮುಖದ ಮೇಲೆ ಹೇಳಿದ ಹಾಗಿತ್ತು.

"ಪುಟ್ಟಿ, ಮಾವನಿಗೆ ನಗದು ಕೊಟ್ಟುಬಿಡು" ಎಂದಳು.

"ಯಾರು ಕೇಳಿದ್ರು ನಗದು?" ರಬ್ಬರ್ ಮಾವ ಸಿಟ್ಟಾದ. "ನಾನು ಹೇಳೋಕೆ ಬಂದೆ, ವಸೂಲಿಗಲ್ಲ. ಬ್ಯಾಂಕಿನವರ ಹತ್ರ ಕೇಳಿ ಸರಿ ಮಾಡಿಸು. ಇದೇ ಚೆಕ್ಕನ್ನ ಮತ್ತೆ ಹಾಕ್ತೀನಿ. ಸಹಿ ಮಾಡಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಲ್ಲ, ಹೊಂದಲ್ಲ ಅಂದ್ರೆ ಏನರ್ಥ?" ಚೆಕ್ಕನ್ನು ಮಡಚದೆ, ಹುಷಾರಾಗಿ ಡೈರಿಯೊಳಗೆ ಇಟ್ಟುಕೊಂಡು ಹೊರಟೇಬಿಟ್ಟ.

ಅವನು ಹೋದ ಮೇಲೆ ಪುಟ್ಟಿ ಫೋನಿನಲ್ಲಿ ಖಾತೆಯ ವಿವರ ತೆಗೆದು ನೋಡಿದಳು. ಚೆಕ್ ವಾಪಸಾತಿ ಶುಲ್ಕ ಎಂದು ಒಂದು ಸಾಲು. ಅದರ ಕೆಳಗೇ ಆ ಶುಲ್ಕದ ಮೇಲಿನ ತೆರಿಗೆ ಎಂದು ಇನ್ನೊಂದು ಸಾಲು. ಶುಲ್ಕ ಎಂದರೆ ಒಂದು ಜೊತೆ ಬೂಟಿಗೆ ಬೇಕಾಗುವ ಅಟ್ಟೆಯ ಬೆಲೆ. ತೆರಿಗೆ ಅದರ ಐದನೇ ಒಂದು ಭಾಗಕ್ಕೂ ಕಡಿಮೆ.

"ಇದೊಂದು ಬೇರೆ!" ಪುಟ್ಟಿಯ ದನಿ ಏರಿತು. "ತಪ್ಪು ಅವರದು, ದಂಡ ನಮಗೆ, ದಂಡಕ್ಕೊಂದು ತೆರಿಗೆ!"

"ಹೋಗ್ಲಿ ಬಿಡು ಪುಟ್ಟಿ. ಅಷ್ಟಕ್ಕೆಲ್ಲ ಯಾರು ಅಲೀತಾರೆ? ಇನ್ಮೇಲೆ ಸಹಿ ನೀನೇ ಮಾಡು. ಖಾತೆಗೆ ನಿನ್ನ ಹೆಸರೂ ಸೇರಿಸಿಬಿಡೋಣ. ನನ್ನ ಕೈ ಇನ್ನು ಲೆಕ್ಕಕ್ಕಿಲ್ಲ."

ಪುಟ್ಟಿ ಫೋನು ಕೆಳಗಿಟ್ಟಳು. ಈ ಸಲ ದನಿ ಏರಲಿಲ್ಲ. "ಅತ್ತಿಗೆ, ಸೇರಿಸೋದಾದ್ರೆ ಆಮೇಲೆ ಸೇರಿಸೋಣ. ಮೊದಲು ಇದು ನಿಮ್ಮ ಸಹಿ ಅಂತ ಅವರು ಒಪ್ಪಲಿ. ನಿಮ್ಮ ಕೈ ಲೆಕ್ಕಕ್ಕಿಲ್ಲ ಅಂತ ಬ್ಯಾಂಕು ಹೇಳೋದು ಬೇರೆ, ನೀವೇ ಹೇಳ್ಕೊಳ್ಳೋದು ಬೇರೆ. ನಾಳೆ ಹೋಗ್ತಿದ್ದೀವಿ. ಆ ನೀಲಿ ಸೀರೆ ಉಡಿ."

ಮರುದಿನ ಹೋದರು. ಎರಡನೇ ಕೌಂಟರು ಖಾಲಿಯಿತ್ತು. ಒಳಗಿನ ಗಾಜಿನ ಕೋಣೆಯಲ್ಲಿ ಸಹಾಯಕ ಮ್ಯಾನೇಜರ್ ಕೂತಿದ್ದರು. ಸಣಕಲು ಮನುಷ್ಯ, ಮೆಲ್ಲಗೆ ಮಾತಾಡುವವರು. ಬಂದವರನ್ನು ಕೂರಿಸಿ, ಪುಟ್ಟಿಯ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದರು. ಪುಟ್ಟಿ ಜಗಳಕ್ಕೆ ಸಿದ್ಧಳಾಗಿ ಹೋದವಳು. ಎದುರಿಗೆ ಜಗಳಕ್ಕೆ ಜನವೇ ಸಿಗದೆ ಅವಳ ಮಾತು ಅರ್ಧದಾರಿಯಲ್ಲಿ ಮೆತ್ತಗಾಯಿತು.

ಅವರು ಖಾತೆಯ ಸಂಖ್ಯೆ ಒತ್ತಿ ಸಹಿಯ ಚಿತ್ರ ತೆಗೆದರು. ತೆರೆಯ ಮೇಲೆ ಬಂದದ್ದು ಹಳೆಯ ಸಹಿ, ಬಾಲದ್ದು. ಅದನ್ನು ನೋಡಿ ಅಳತೆಯಕ್ಕನಿಗೆ ಸತ್ತುಹೋದ ನೆಂಟರ ಫೋಟೋ ಕಂಡ ಹಾಗಾಯಿತು.

"ನೀವು ಹೊಸ ಕಾರ್ಡು ಕೊಟ್ಟಿದ್ದು ನಿಜಾನಾ ಅಂತ ಕೇಳ್ತಿಲ್ಲಮ್ಮ" ಎಂದು ಅವರು ಮೊದಲೇ ಹೇಳಿದರು. "ಎಲ್ಲಿ ನಿಂತಿದೆ ಅಂತ ನೋಡ್ತಿದ್ದೀನಿ." ಎದ್ದು ಹೋಗಿ ಕಪಾಟಿನಿಂದ ಒಂದು ಕಟ್ಟು ತಂದರು. ಕಾರ್ಡು ಅದರಲ್ಲೇ ಇತ್ತು, ಬ್ಯಾಂಕಿನ ಮೊಹರು ದಿನಾಂಕ ಸಮೇತ. ಮತ್ತೆ ಕಂಪ್ಯೂಟರಿನಲ್ಲಿ ಏನೋ ಹುಡುಕಿ, ಉಸಿರು ಬಿಟ್ಟು ಕುರ್ಚಿಗೆ ಒರಗಿದರು.

"ನಮ್ಮಲ್ಲಿ ಒಬ್ಬರು ಹಾಕಿದ್ದನ್ನ ಇನ್ನೊಬ್ಬ ಅಧಿಕಾರಿ ನೋಡಿ ಒಪ್ಪಬೇಕು. ಆಗಲೇ ಅದು ಜಾರಿಗೆ ಬರೋದು. ಎರಡನೇ ಕೌಂಟರಿನವರು ನಿಮ್ಮ ಸಹಿ ಅದೇ ದಿನ ಹಾಕಿದ್ದಾರೆ. ಒಪ್ಪಬೇಕಾದೋನು ನಾನು. ಪಟ್ಟಿಯಲ್ಲಿ ಕೆಳಗೆ ಉಳಿದುಬಿಟ್ಟಿದೆ, ನಾನು ನೋಡಿಲ್ಲ. ಫೋನಿನಲ್ಲಿ ಹೇಳಿದವರು ಹಾಕಿದ್ದಷ್ಟನ್ನೇ ನೋಡಿ ಆಗಿದೆ ಅಂದಿದ್ದಾರೆ. ಚೆಕ್ಕುಗಳ ಸಹಿ ನೋಡೋದು ಇಲ್ಲಲ್ಲ, ನಮ್ಮ ಕೇಂದ್ರ ಕಚೇರೀಲಿ. ಅವರಿಗೆ ಕಂಡಿದ್ದು ಹಳೇ ಸಹಿ. ವಾಪಸ್ ಕಳಿಸಿದ್ದಾರೆ."

"ಹಾಗಾದ್ರೆ..." ಎಂದಳು ಪುಟ್ಟಿ.

"ಹಾಗಾದ್ರೆ ತಪ್ಪು ನಮ್ಮದು ಮೇಡಂ. ನನ್ನದು ಅಂತಲೇ ಇಟ್ಕೊಳ್ಳಿ. ಗ್ರಾಹಕರ ತಪ್ಪಿಲ್ಲದೆ ವಾಪಸಾದ ಚೆಕ್ಕಿಗೆ ಶುಲ್ಕ ಹಾಕೋ ಹಾಗಿಲ್ಲ. ಶುಲ್ಕ, ಅದರ ತೆರಿಗೆ, ಎರಡೂ ವಾಪಸ್ ಹಾಕಿಸ್ತೀನಿ. ಒಂದು ಅರ್ಜಿ ಬರೆದುಕೊಡಿ."

ಹಾಗೆ ಹೇಳಿ ಅಳತೆಯಕ್ಕನ ಕಾರ್ಡನ್ನು ತೆರೆಯ ಪಕ್ಕದಲ್ಲಿ ಹಿಡಿದು, ಮೂರು ಸಹಿಗಳನ್ನೂ ಒಂದೊಂದಾಗಿ ನೋಡಿ, ಕೀಲಿ ಒತ್ತಿದರು. "ಈಗ ಇದು ನಿಮ್ಮ ಸಹಿ."

ಅರ್ಜಿ ಬರೆದದ್ದು ಪುಟ್ಟಿ. ಕೆಳಗೆ ಅಳತೆಯಕ್ಕ ಎಡಗೈಯಿಂದ ಸಹಿ ಹಾಕಿದಳು. ದಾರಿಯಲ್ಲಿ ಬರುತ್ತಾ, "ಎಷ್ಟು ಒಳ್ಳೆಯವರು ನೋಡು, ನನ್ನದು ತಪ್ಪು ಅಂದುಬಿಟ್ಟರಲ್ಲ" ಎಂದಳು.

"ತಪ್ಪು ಮಾಡಿದ್ದಕ್ಕೆ ಒಳ್ಳೆಯವರಾ?" ಎಂದಳು ಪುಟ್ಟಿ. ನಾಲ್ಕು ಹೆಜ್ಜೆ ಹೋಗಿ, "ಒಳ್ಳೆಯವರೇ ಅನ್ನಿ" ಎಂದು ಸೇರಿಸಿದಳು.

ರಬ್ಬರ್ ಮಾವನಿಗೆ ಸುದ್ದಿ ಹೋಯಿತು. ಅವನು ಆ ದಿನವೇ ಅದೇ ಚೆಕ್ಕನ್ನು ಮತ್ತೆ ತನ್ನ ಬ್ಯಾಂಕಿಗೆ ಹಾಕಿ ಬಂದ. ಮೂರನೇ ದಿನ ಅಂಗಡಿಯ ಬಾಗಿಲಲ್ಲಿ ನಿಂತು, ಒಳಗೆ ಕಾಲು ಮುರಿದ ಮುದುಕಿಯೊಬ್ಬಳು ಅಳತೆ ಕೊಡುತ್ತಿದ್ದುದನ್ನೂ ಲೆಕ್ಕಿಸದೆ, "ಪಾಸಾಯ್ತಮ್ಮಾ! ಫಸ್ಟ್ ಕ್ಲಾಸಲ್ಲಿ ಪಾಸು!" ಎಂದು ಕೂಗಿದ. ಮುದುಕಿ, ಯಾರೋ ಪರೀಕ್ಷೆ ಪಾಸಾಗಿದ್ದಾರೆ ಎಂದುಕೊಂಡು, "ಒಳ್ಳೇದಾಗಲಿ ಮಗುಗೆ" ಎಂದು ಹರಸಿದಳು. ಅಳತೆಯಕ್ಕ ಪೆನ್ಸಿಲು ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಹಣ ವಾಪಸು ಬಂದದ್ದು ಮುಂದಿನ ವಾರ. ಪುಟ್ಟಿಯ ಫೋನಿಗೆ ಸಂದೇಶ ಬಂತು: ನಿಮ್ಮ ಖಾತೆಗೆ ಇಷ್ಟು ಜಮಾ ಆಗಿದೆ. "ಬಂತು ಅತ್ತಿಗೆ, ಕೊಟ್ಟ ಮಾತು ಉಳಿಸಿಕೊಂಡ್ರು" ಎಂದು ಪುಟ್ಟಿ ಲೆಕ್ಕದ ಪುಸ್ತಕ ಮುಚ್ಚಲು ಹೊರಟಳು. ತಿಂಗಳ ಲೆಕ್ಕ ಅವಳಿಗೆ ತಲೆಯ ಮೇಲಿತ್ತು.

"ಎಲ್ಲಿ, ತೋರಿಸು" ಎಂದಳು ಅಳತೆಯಕ್ಕ. ಅವಳಿಗೆ ಆ ಸಾಲನ್ನು ನೋಡಬೇಕಿತ್ತು, ಅಷ್ಟೇ. ಪುಟ್ಟಿ ಖಾತೆಯ ವಿವರ ತೆರೆದು ಫೋನನ್ನು ಅವಳ ಮುಂದಿಟ್ಟಳು. ಅಳತೆಯಕ್ಕ ಎಡಗೈ ಬೆರಳಿನಿಂದ ಮೇಲೆ ಕೆಳಗೆ ಸರಿಸಿದಳು. ಹಣ ಹೋದ ಜಾಗ ನೋಡಿದಳು, ಬಂದ ಜಾಗ ನೋಡಿದಳು. ಮತ್ತೆ ಹೋದ ಜಾಗಕ್ಕೆ ಬಂದಳು.

"ಪುಟ್ಟಿ, ಹೋಗಿದ್ದು ಎರಡು ಸಾಲು. ಬಂದಿದ್ದು ಒಂದು."

"ಹಾಂ?"

"ಇಲ್ಲಿ ನೋಡು. ಶುಲ್ಕ ಹೋಗಿದೆ, ತೆರಿಗೆ ಹೋಗಿದೆ. ಬಂದಿದ್ದು ಶುಲ್ಕದಷ್ಟೇ ಇದೆ. ಜೋಡಿಯಲ್ಲಿ ಒಂದು ಕಾಣಿಸ್ತಿಲ್ಲ."

ಪುಟ್ಟಿ ಕನ್ನಡಕ ಹಾಕಿಕೊಂಡಳು. ಮೊತ್ತ ನೋಡಿದಳು. ಸಂದೇಶದಲ್ಲಿ ಜಮಾ ಎಂಬ ಪದ ಕಂಡ ಖುಷಿಗೆ ತಾನು ಮೊತ್ತವನ್ನೇ ಹೋಲಿಸಿರಲಿಲ್ಲ ಎಂದು ಗೊತ್ತಾಗಿ ನಾಲಗೆ ಕಚ್ಚಿಕೊಂಡಳು. "ಅಯ್ಯೋ ರಾಮ, ನಾನು ಮೂವತ್ತು ವರ್ಷ ಲಾರಿ ಕಂಪನೀಲಿ ಏನು ಮಾಡ್ತಿದ್ದೆ?"

"ಬೈತಿದ್ದೆ" ಎಂದ, ಯಂತ್ರದ ಹಿಂದಿನಿಂದ ಮೇಸ್ತ್ರಿ. ಆ ವಾರ ಅವನು ಆಡಿದ ಒಂದೇ ಮಾತು ಅದು. ಮೂವರೂ ನಕ್ಕರು.

ತೆರಿಗೆಯ ಮೊತ್ತ ನಾಲ್ಕು ಲೋಟ ಚಹಾಕ್ಕೂ ಸಾಲದು. ಹೋಗಲಿ ಬಿಡು ಎಂದು ಈ ಸಲ ಯಾರೂ ಹೇಳಲಿಲ್ಲ. ಪುಟ್ಟಿ ಅಲ್ಲೇ ಬ್ಯಾಂಕಿಗೆ ಫೋನು ಹಚ್ಚಿದಳು. ಸಹಾಯಕ ಮ್ಯಾನೇಜರ್ ಮೊದಲು, "ವಾಪಸ್ ಹಾಕಿದ್ವಲ್ಲ ಮೇಡಂ" ಎಂದರು. ಶುಲ್ಕ ಬಂತು, ತೆರಿಗೆ ಬರಲಿಲ್ಲ ಎಂದು ಅವಳು ಹೇಳಿದ ಮೇಲೆ ಆ ಕಡೆ ಕೀಲಿಗಳ ಸದ್ದು ಕೇಳಿತು.

"ಹೌದು ಮೇಡಂ. ಮೊದಲು ಹಾಕಿದ ಶುಲ್ಕಕ್ಕೇ ಜೋಡಿಸಿ ವಾಪಸ್ ಮಾಡಿದ್ರೆ ತೆರಿಗೆಯೂ ಅದರ ಜೊತೆಗೇ ಬರ್ತಿತ್ತು. ನಮ್ಮವರು ಶುಲ್ಕದ ಮೊತ್ತವನ್ನಷ್ಟೇ ಬೇರೆಯಾಗಿ ಜಮಾ ಮಾಡಿದ್ದಾರೆ. ತೆರಿಗೆಯನ್ನ ಪ್ರತ್ಯೇಕವಾಗಿ ವಾಪಸ್ ಮಾಡಿಸಬೇಕು. ಒಂದೆರಡು ದಿನ ಕೊಡಿ. ನೋಡಿ ಹೇಳಿದ್ದು ಒಳ್ಳೇದಾಯ್ತು."

"ನೋಡಿದ್ದು ನಾನಲ್ಲ, ನಮ್ಮತ್ತಿಗೆ" ಎಂದಳು ಪುಟ್ಟಿ. ಆ ಮಾತನ್ನು ಅವಳು ಹೇಳಿದ ರೀತಿಗೆ ಅಳತೆಯಕ್ಕ ತಲೆ ಬಗ್ಗಿಸಿ, ಸುಮ್ಮನೆ ರಟ್ಟಿನ ಮೇಲಿನ ಧೂಳು ಒರೆಸಿದಳು.

ಅದೇ ಫೋನಿನಲ್ಲಿ ಪುಟ್ಟಿ ಇನ್ನೊಂದನ್ನೂ ಕೇಳಿದಳು: ಚೆಕ್ಕು ವಾಪಸಾದಾಗ ಅದನ್ನು ಹಾಕಿದವರ ಖಾತೆಯಿಂದಲೂ ಅವರ ಬ್ಯಾಂಕು ಏನಾದರೂ ಕಿತ್ತುಕೊಂಡಿರುತ್ತದೆಯೇ? ಸಾಮಾನ್ಯವಾಗಿ ಇರುತ್ತದೆ, ಎಂದರು ಅವರು. ಅದು ಬೇರೆ ಬ್ಯಾಂಕು, ತಮ್ಮ ಕೈಯಲ್ಲಿಲ್ಲ. ಆದರೆ ಚೆಕ್ಕು ವಾಪಸಾದದ್ದು ತಮ್ಮ ತಪ್ಪಿನಿಂದ ಎಂದು ಒಂದು ಪತ್ರ ಕೊಡುತ್ತೇವೆ, ಅದನ್ನು ತೋರಿಸಿ ಅಲ್ಲಿ ಕೇಳಿಕೊಳ್ಳಬಹುದು, ಎಂದರು.

ರಬ್ಬರ್ ಮಾವನನ್ನು ವಿಚಾರಿಸಿದರೆ ಅವನು ಮೊದಲು ಇಲ್ಲವೇ ಇಲ್ಲ ಎಂದ. ಆಮೇಲೆ, ಇದ್ದರೂ ಇರಬಹುದು, ತಾನು ನೋಡಿಲ್ಲ ಎಂದ. ಕೊನೆಗೆ, "ಹೌದಮ್ಮ, ಕಿತ್ಕೊಂಡಿದ್ದಾರೆ, ಅದನ್ನ ಹೇಳಿದ್ರೆ ನೀನು ಅದನ್ನೂ ಕೊಡೋಕೆ ಬರ್ತಿದ್ದೆ" ಎಂದು ಒಪ್ಪಿಕೊಂಡ.

"ಅದಕ್ಕೇ ಹೇಳಲಿಲ್ವಾ ಮಾವ?"

"ನಿನ್ನ ಮುಖ ಆ ದಿನ ಹೇಗಿತ್ತು ಗೊತ್ತಾ? ಅದರ ಮೇಲೆ ಇನ್ನೊಂದು ಹೊರೆ ಇಡೋಕೆ ನಾನೇನು ಕತ್ತೆಯಾ?"

ಅಳತೆಯಕ್ಕನಿಗೆ ಆ ದಿನ ಅವನು ಬಾಗಿಲಲ್ಲಿ ನಿಂತು ಬಿಸಿಲಿನ ಬಗ್ಗೆ ಮಾತಾಡಿದ್ದು, ಚೀಟಿಯನ್ನು ಬೆರಳಲ್ಲಿ ಮುಚ್ಚಿದ್ದು, ಎಲ್ಲ ನೆನಪಾಯಿತು. ಪುಟ್ಟಿ ಬ್ಯಾಂಕಿನಿಂದ ಪತ್ರ ತಂದು ಅವನ ಕೈಗಿಟ್ಟು, ತೋರಿಸದಿದ್ದರೆ ತಾನೇ ಅವನ ಬ್ಯಾಂಕಿಗೆ ಹೋಗಿ ಕೂರುತ್ತೇನೆ ಎಂದು ಹೆದರಿಸಿದಳು. ಪುಟ್ಟಿ ಬಂದು ಕೂತರೆ ತನ್ನ ಬ್ಯಾಂಕಿನವರ ಗತಿ ಏನು ಎಂಬ ಕನಿಕರಕ್ಕೆ ಮಾವ ತಾನೇ ಹೋದ. ಅವನ ದುಡ್ಡೂ ಬಂತು.

ಎರಡು ದಿನ ಬಿಟ್ಟು ಪುಟ್ಟಿಯ ಫೋನಿಗೆ ಮತ್ತೊಂದು ಸಂದೇಶ ಬಂತು. ಈ ಸಲ ಅವಳು ಪುಸ್ತಕ ಮುಚ್ಚಲು ಹೋಗಲಿಲ್ಲ. "ಸಂದೇಶ ನಂಬಲ್ಲ. ನಡೀರಿ, ಮುದ್ರಿಸಿದ್ದನ್ನೇ ನೋಡೋಣ" ಎಂದಳು.

ಬ್ಯಾಂಕಿನಲ್ಲಿ ಎರಡನೇ ಕೌಂಟರಿನ ಮೇಡಂ ವಾಪಸು ಬಂದಿದ್ದರು. ಅಳತೆಯಕ್ಕನನ್ನು ಕಂಡು ಎದ್ದು ನಿಂತರು. "ಬಾಕಿ ಇದೆ ಅಂತ ನಾನೊಂದು ಸಲ ನೆನಪಿಸಿದ್ದರೆ ಸಾಕಿತ್ತಮ್ಮ. ರಜೆ ಮೇಲೆ ಹೋಗಿಬಿಟ್ಟೆ" ಎಂದರು. ಅಳತೆಯಕ್ಕ, "ನೀವು ಆ ದಿನ ಕಾರ್ಡು ಹಿಡ್ಕೊಂಡಿದ್ರಲ್ಲ ತಾಯಿ, ಇಲ್ಲದಿದ್ರೆ ಸಹಿಯೇ ಆಗ್ತಿರಲಿಲ್ಲ" ಎಂದಳು. ಮೇಡಂಗೆ ಅದು ನೆನಪೇ ಇರಲಿಲ್ಲ. ಮುದ್ರಣಯಂತ್ರದ ಕಡೆ ತಿರುಗಿದರು. ಹಾಳೆ ಬಿಸಿಬಿಸಿಯಾಗಿ ಹೊರಬಂತು.

ಗೋಡೆಯ ಪಕ್ಕದ ಬೆಂಚಿನ ಮೇಲೆ ಅತ್ತಿಗೆ ನಾದಿನಿ ತಲೆಗೆ ತಲೆ ಹಚ್ಚಿ ಕೂತರು. ಪುಟ್ಟಿ ಓದುತ್ತಾ ಹೋದಳು, ಅಳತೆಯಕ್ಕ ಬೆರಳಿಡುತ್ತಾ ಬಂದಳು. ಚೆಕ್ ವಾಪಸಾತಿ ಶುಲ್ಕ, ಖರ್ಚು. ಅದರ ಮೇಲಿನ ತೆರಿಗೆ, ಖರ್ಚು. ಕೆಳಗೆ ರಬ್ಬರ್ ಮಾವನ ಚೆಕ್ಕು, ಅದೇ ಸಂಖ್ಯೆ, ಈ ಸಲ ಪಾವತಿಯಾದದ್ದು. ಶುಲ್ಕ ಹಿಂತಿರುಗಿಸಿದ್ದು, ಜಮಾ. ಅದರ ಕೆಳಗೆ, ಬೇರೆ ದಿನಾಂಕದಲ್ಲಿ, ತೆರಿಗೆ ಹಿಂತಿರುಗಿಸಿದ್ದು, ಜಮಾ. ಪುಟ್ಟಿ ಮೊತ್ತಗಳನ್ನು ಪೈಸೆ ಸಮೇತ ಹೋಲಿಸಿದಳು. ಪ್ರತಿ ಸಾಲಿನ ಮುಂದಿನ ಉಳಿಕೆಯನ್ನೂ ಬಾಯಲ್ಲೇ ಕೂಡಿ ಕಳೆದು ನೋಡಿದಳು. ಎಲ್ಲ ತಾಳೆಯಾಯಿತು.

ಅಳತೆಯಕ್ಕನ ಬೆರಳು ಮಾತ್ರ ಮೇಲಿನ ಸಾಲಿನಲ್ಲೇ ನಿಂತಿತ್ತು. ಸಹಾಯಕ ಮ್ಯಾನೇಜರ್ ಆ ಕಡೆ ಹಾದು ಹೋಗುತ್ತಿದ್ದರು. ಅವರನ್ನು ನಿಲ್ಲಿಸಿ ಕೇಳಿದಳು: "ಇದನ್ನ ಅಳಿಸೋಕೆ ಆಗಲ್ವಾ ಸಾರ್?"

"ಖಾತೇಲಿ ಒಂದು ಸಲ ಬಂದದ್ದನ್ನ ಅಳಿಸೋ ಹಾಗಿಲ್ಲಮ್ಮ. ತಪ್ಪೂ ಇರುತ್ತೆ, ಅದನ್ನ ಸರಿ ಮಾಡಿದ್ದೂ ಇರುತ್ತೆ. ನಾಳೆ ಯಾರು ತೆಗೆದು ನೋಡಿದ್ರೂ ಎರಡೂ ಕಾಣುತ್ತೆ."

ಅವಳು ಹಾಳೆಯಿಂದ ಬೆರಳು ತೆಗೆದು, "ಹಾಗಾದ್ರೆ ಇರಲಿ" ಎಂದಳು. "ನಿಮಗೆ ಉಪಕಾರವಾಯ್ತು ಸಾರ್."

"ನಮ್ಮ ತಪ್ಪು ತಿದ್ದಿಕೊಂಡದ್ದಕ್ಕೆ ಉಪಕಾರ ಎಲ್ಲಿಂದ ಬಂತಮ್ಮ?" ಎಂದು ಅವರು ನಕ್ಕು ಒಳಗೆ ಹೋದರು. ಅವಳಿಗೆ ಮಾತ್ರ ಅದು ಉಪಕಾರವೇ ಆಗಿತ್ತು. ತಿದ್ದಿಕೊಳ್ಳದವರನ್ನೂ ಅವಳು ಬದುಕಿನಲ್ಲಿ ಸಾಕಷ್ಟು ಕಂಡಿದ್ದಳು.

ಹೊರಗೆ ರಸ್ತೆಯಲ್ಲಿ ವಾಹನಗಳ ಗದ್ದಲ. ದಾಟಲು ಜಾಗ ಸಿಗದೆ ಇಬ್ಬರೂ ಅಂಚಿನಲ್ಲಿ ನಿಂತರು. ಪುಟ್ಟಿ ಎಂದಿನಂತೆ ಬಂದು ಅವಳ ಬಲಗೈಯನ್ನು ತನ್ನ ತೋಳಿನೊಳಗೆ ಸಿಕ್ಕಿಸಿಕೊಂಡಳು. ಆ ಕೈಗೆ ಹಿಡಿತವಿಲ್ಲ, ಆದರೆ ಬೆಚ್ಚಗಿರುವುದು ಗೊತ್ತಾಗುತ್ತಿತ್ತು.

"ಪುಟ್ಟಿ."

"ಹೇಳಿ."

"ನೀನು ಬಂದೆಯಲ್ಲ, ಆಸ್ಪತ್ರೆಗೆ. ಅದಕ್ಕೆ ನಾನು ಒಂದು ದಿನಾನೂ ಏನೂ ಹೇಳಲಿಲ್ಲ."

ಪುಟ್ಟಿ ರಸ್ತೆಯನ್ನೇ ನೋಡುತ್ತಿದ್ದಳು. ಒಂದು ಬಸ್ಸು ಹೋಗಲಿ ಎಂದು ಕಾದಳು. "ಮನೆಯೋರಿಗೆ ಯಾರಾದ್ರೂ ಉಪಕಾರ ಅಂತ ಹೇಳ್ತಾರಾ ಅತ್ತಿಗೆ? ಹುಚ್ಚು" ಎಂದಳು. ಆಮೇಲೆ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, "ಧೂಳು ನೋಡಿ, ಧೂಳು. ಈ ರಸ್ತೆಯೋರಿಗೆ ಒಂದು ಅರ್ಜಿ ಬರೀಬೇಕು" ಎಂದು ಬೈದಳು.

ಬಸ್ಸು ಹೋಯಿತು. ಇಬ್ಬರೂ ದಾಟಿದರು. ಅಂಗಡಿಯಲ್ಲಿ ಮಗುವನ್ನು ಕರೆತಂದ ತಾಯಿಯೊಬ್ಬಳು ಸ್ಟೂಲಿನ ಮೇಲೆ ಕಾಯುತ್ತಿದ್ದಳು. ಅಳತೆಯಕ್ಕ ಹಾಳೆಯನ್ನು ಪುಟ್ಟಿಗೆ ಕೊಟ್ಟು, ನೆಲದ ಮೇಲೆ ಕೂತು, "ಬಾ ಕಂದ, ನಿನ್ನ ಕಾಲು ನೋಡೋಣ" ಎಂದು ಎಡಗೈ ಚಾಚಿದಳು.